ಆಭಾ ಸಂಖ್ಯೆ ಇದ್ದರೆ ರಿಪೋರ್ಟುಗಳೆಲ್ಲ ತಾವೇ ಆ್ಯಪ್‌ಗೆ ಬರುತ್ತವೆಯೇ?

ಆಭಾ ಸಂಖ್ಯೆ ಮಾಡಿಸಿಕೊಂಡರೆ ಲ್ಯಾಬ್ ರಿಪೋರ್ಟು, ಔಷಧ ಚೀಟಿಗಳೆಲ್ಲ ತಾವಾಗಿಯೇ ಆ್ಯಪ್‌ನಲ್ಲಿ ಬಂದು ಕೂರುತ್ತವೆ ಎಂದು ನಮ್ಮಲ್ಲಿ ಹಲವರ ನಂಬಿಕೆ. ಅದು ಹಾಗಲ್ಲ. ಆಭಾ ಎಂಬುದು 14 ಅಂಕಿಗಳ ಗುರುತಿನ ಸಂಖ್ಯೆ ಅಷ್ಟೇ. ದಾಖಲೆ ಇರುವುದು ಅದನ್ನು ತಯಾರಿಸಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ. ನಾವು ಒಪ್ಪಿಗೆ ಕೊಟ್ಟಾಗ ಮಾತ್ರ ಆ್ಯಪ್ ಅದನ್ನು ತರಿಸಿ ತೋರಿಸುತ್ತದೆ.

ಒಂದು ಉದಾಹರಣೆ ನೋಡೋಣ. ಸಕ್ಕರೆ ಕಾಯಿಲೆಯಿರುವ ತಾಯಿಗೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ ನಾವು, ಲ್ಯಾಬಿನಲ್ಲಿ ಬರೀ ಮೊಬೈಲ್ ನಂಬರ್ ಕೊಟ್ಟು ಬಂದೆವು ಎಂದುಕೊಳ್ಳಿ. ಮರುವಾರ ಇ-ಸಂಜೀವನಿಯಲ್ಲಿ ವೈದ್ಯರು ರಿಪೋರ್ಟು ಕೇಳುತ್ತಾರೆ. ಆ್ಯಪ್ ನೋಡಿದರೆ ಖಾಲಿ. ಲ್ಯಾಬ್ ಈ ವ್ಯವಸ್ಥೆಗೆ ಸೇರಿದ್ದರೆ ಆ್ಯಪ್‌ನಲ್ಲಿ ಅದರ ಹೆಸರು ಹುಡುಕಿ, ಒಟಿಪಿ ಕೊಟ್ಟು ದಾಖಲೆ ಜೋಡಿಸಬಹುದು. ಹೆಸರೇ ಸಿಗದಿದ್ದರೆ ರಿಪೋರ್ಟಿನ ಫೋಟೋ ತೆಗೆದು ನಾವೇ ಸೇರಿಸಬೇಕು. ಫೋಟೋದಲ್ಲಿ ಹೆಸರು, ದಿನಾಂಕ ಎರಡೂ ಕಾಣಬೇಕು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುತ್ತದೆ, ದಿನಾಂಕವಿಲ್ಲದ 7.5 ಯಾವ ತಿಂಗಳುಗಳದ್ದೆಂದು ವೈದ್ಯರಿಗೆ ತಿಳಿಯದು.

ಮುಂದಿನ ಸಲ ಲ್ಯಾಬಿನಲ್ಲಿ ಹೆಸರು ಬರೆಸುವಾಗಲೇ ಆಭಾ ಸಂಖ್ಯೆಯನ್ನೂ ಕೊಟ್ಟರೆ ಈ ಹುಡುಕಾಟ ತಪ್ಪೀತು.