ಆಡಳಿತ ಪತ್ರ ಸಿಕ್ಕ ಮೇಲೆ ಲೆಕ್ಕ ಕೇಳುವವರು ಯಾರು?

ಬೆಂಗಳೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಟ್ಟಡಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ಮಾಡುತ್ತಿದ್ದ 52 ವರ್ಷದ ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಮನೆಯಲ್ಲಿ ಹೆಂಡತಿ, 22ರ ಮಗಳು, 15ರ ಮಗ, 78ರ ತಾಯಿ. ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಈಗಿನ ಬೆಲೆಗೆ 80 ಲಕ್ಷ ಬಾಳುತ್ತದೆ. ಬ್ಯಾಂಕಿನಲ್ಲಿ 12 ಲಕ್ಷ ಠೇವಣಿಯಿದೆ, ಷೇರುಗಳು 4 ಲಕ್ಷದ್ದು. ಜೊತೆಗೆ ಬಾಕಿಗಳೂ ಇವೆ: ಜಾಮೀನಿನ ಮೇಲೆ ಸಹಕಾರ ಸಂಘದಲ್ಲಿ ತೆಗೆದ 9 ಲಕ್ಷ ಸಾಲ, ಮೂವರು ಕೆಲಸಗಾರರಿಗೆ ಕೊಡಬೇಕಾದ ಎರಡು ತಿಂಗಳ ಕೂಲಿ, ಆಸ್ಪತ್ರೆಯ ಬಿಲ್ಲು.

ಇಂಥ ಮನೆಗಳಲ್ಲಿ ತಿಥಿ ಮುಗಿದ ಮರುವಾರವೇ ಓಡಾಟ ಶುರುವಾಗುತ್ತದೆ. ನಾಡಕಚೇರಿಯಿಂದ ವಂಶವೃಕ್ಷ ತರುತ್ತಾರೆ, ಖಾತೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ. ಠೇವಣಿಗೆ ಹೆಂಡತಿ ನಾಮಿನಿಯಾಗಿದ್ದರೆ ಬ್ಯಾಂಕು ಹಣವನ್ನೂ ಕೊಟ್ಟುಬಿಡುತ್ತದೆ. ಎಲ್ಲ ಮುಗಿಯಿತು ಅನ್ನಿಸುವುದು ಆಗಲೇ. ಆದರೆ ವಂಶವೃಕ್ಷ ಸಂಬಂಧಗಳನ್ನು ಮಾತ್ರ ಹೇಳುತ್ತದೆ. ಖಾತೆ ಯಾರ ಹೆಸರಿನಲ್ಲಿ ಕಂದಾಯ ಕಟ್ಟಬೇಕು ಎಂಬುದನ್ನು ತೋರಿಸುತ್ತದೆಯೇ ಹೊರತು ಹಕ್ಕನ್ನು ಹುಟ್ಟಿಸುವುದಿಲ್ಲ. ನಾಮಿನಿಯಂತೂ ಹಣ ಪಡೆದುಕೊಳ್ಳುವ ಕೈ ಮಾತ್ರ, ಒಡೆಯನಲ್ಲ. ವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿತ್ತು, ಷೇರುಗಳ ಬಗ್ಗೆ 2023ರಲ್ಲಿ ಮತ್ತೆ ಹೇಳಿತು. ಹಾಗಾದರೆ ಸಂಘದವರು ಸಾಲಕ್ಕೆ ಯಾರ ಮನೆ ಬಾಗಿಲು ತಟ್ಟಬೇಕು? ಕೂಲಿಯವರು ಯಾರನ್ನು ಕೇಳಬೇಕು? ಸತ್ತವರ ಜಾಗದಲ್ಲಿ ನಿಂತು ಬರುವುದನ್ನು ವಸೂಲು ಮಾಡಿ, ಕೊಡುವುದನ್ನು ಕೊಟ್ಟು, ಉಳಿದದ್ದನ್ನು ಹಂಚುವ ಒಬ್ಬರು ಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ನ್ಯಾಯಾಲಯ ಅಂಥವರಿಗೆ ಕೊಡುವ ಅಧಿಕಾರವೇ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಡಳಿತ ಪತ್ರ.

ಉಯಿಲಿಲ್ಲದೆ ಸತ್ತ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ, ಭಾರತೀಯ ಕ್ರೈಸ್ತ ಮತ್ತು ಪಾರ್ಸಿಗಳ ಆಸ್ತಿಗೆ ಈ ಪತ್ರ ಕಡ್ಡಾಯವಲ್ಲ. ವಾರಸುದಾರರು ಒಮ್ಮತದಿಂದಿದ್ದು ಸಾಲವೇನೂ ಇಲ್ಲದಿದ್ದರೆ ನೋಂದಾಯಿತ ವಿಭಾಗ ಪತ್ರವೇ ಸಾಕು, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ಠೇವಣಿ, ಷೇರು, ಬರಬೇಕಾದ ಬಾಕಿ ಇಷ್ಟೇ ಇದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ನಡೆಯುತ್ತದೆ. ಮನೆ, ಜಮೀನು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಗುತ್ತಿಗೆದಾರರ ಮನೆಯಲ್ಲಿ ಮನೆಯೂ ಇದೆ, ಸಾಲವೂ ಇದೆ, ಅಪ್ರಾಪ್ತ ಮಗನೂ ಇದ್ದಾನೆ. ಇಲ್ಲಿ ಇಡೀ ಆಸ್ತಿಯನ್ನು ಒಂದೇ ಕೈಗೆ ಕೊಟ್ಟು ಆ ಕೈಯಿಂದ ಲೆಕ್ಕ ಕೇಳುವ ಆಡಳಿತ ಪತ್ರವೇ ಸರಿಯಾದ ದಾರಿ.

ಪತ್ರ ಯಾರಿಗೆ? ಹಿರಿಯ ಮಗನಿಗೆ ಅಥವಾ ಚಿಕ್ಕಪ್ಪನಿಗೆ ಎಂಬ ರೂಢಿಯ ಮಾತು ಕಾಯ್ದೆಯಲ್ಲಿಲ್ಲ. ಆಸ್ತಿಯಲ್ಲಿ ಪಾಲಿರುವ, ವಯಸ್ಸಿಗೆ ಬಂದ ಯಾರೇ ಆದರೂ ಕೇಳಬಹುದು. ಹಲವರು ಕೇಳಿದರೆ ಆಯ್ಕೆ ನ್ಯಾಯಾಧೀಶರದ್ದು. ಪಾಲುದಾರರು ಯಾರೂ ಮುಂದೆ ಬಾರದಿದ್ದರೆ ಸಾಲ ಕೊಟ್ಟವನಿಗೂ ಕೊಡಬಹುದು. ಈ ಮನೆಯಲ್ಲಿ ನಾನಾಗಿದ್ದರೆ ಮಗಳ ಹೆಸರನ್ನೇ ಸೂಚಿಸುತ್ತಿದ್ದೆ. ಪ್ರತಿ ರಸೀದಿಯನ್ನೂ ಇಟ್ಟು, ಪ್ರತಿ ಪೈಸೆಯನ್ನೂ ಬರೆಯಬಲ್ಲವರು ಈ ಕೆಲಸಕ್ಕೆ ಬೇಕು.

ಬೆಂಗಳೂರಿನಲ್ಲಿ ಅರ್ಜಿ ಸಿಟಿ ಸಿವಿಲ್ ಕೋರ್ಟಿಗೆ ಹೋಗುತ್ತದೆ, ವಕೀಲರ ಬಾಯಲ್ಲಿ ಅದು 'ಪಿ ಆಂಡ್ ಎಸ್‌ಸಿ' ಕೇಸು. ಸತ್ತ ಸ್ಥಳ ಮತ್ತು ದಿನ, ಎಲ್ಲ ಬಂಧುಗಳ ಹೆಸರು ವಿಳಾಸ, ಅರ್ಜಿದಾರರಿಗಿರುವ ಹಕ್ಕು, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ, ಇವೆಲ್ಲ ಅರ್ಜಿಯಲ್ಲಿರಬೇಕು. ಸತ್ತ ದಿನದಿಂದ ಪೂರ್ತಿ 14 ದಿನ ಕಳೆಯುವವರೆಗೆ ಪತ್ರ ಕೊಡುವಂತಿಲ್ಲ. ಬಂಧುಗಳಿಗೆ ನೋಟಿಸು ಹೋಗುತ್ತದೆ, ಪ್ರಕಟಣೆ ಹೊರಡುತ್ತದೆ. ತಕರಾರು ಇರುವವರು ಕೇವಿಯಟ್ ಹಾಕಿದರೆ ವಿಷಯ ದಾವೆಯ ರೂಪ ಪಡೆದು ವರ್ಷಗಟ್ಟಲೆ ಎಳೆಯುತ್ತದೆ. ಯಾರೂ ತಕರಾರು ಎತ್ತದಿದ್ದರೆ ಅರ್ಜಿದಾರರು ಜಾಮೀನುದಾರರೊಂದಿಗೆ ಬಾಂಡ್ ಬರೆದುಕೊಟ್ಟು ಪತ್ರ ಪಡೆಯುತ್ತಾರೆ.

ಎಡವುವುದು ಹೆಚ್ಚಾಗಿ ಬಂಧುಗಳ ಪಟ್ಟಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಈ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗಳು, ಮಗ, ತಾಯಿ ನಾಲ್ವರಿಗೂ ಸಮಪಾಲು. ಮೂಲೆಯ ಮಂಚದಲ್ಲಿ ಮಲಗಿರುವ ಅಜ್ಜಿಯೂ ಮನೆಯ ಕಾಲುಭಾಗದ ಒಡತಿ ಎಂಬುದು ಎಷ್ಟೋ ಮನೆಗಳಿಗೆ ಹೊಳೆಯುವುದೇ ಇಲ್ಲ. ಅರ್ಜಿ ನಡೆಯುತ್ತಿರುವಾಗಲೇ ಅಜ್ಜಿ ಉಯಿಲಿಲ್ಲದೆ ತೀರಿಕೊಂಡರು ಎಂದುಕೊಳ್ಳಿ. ಅಜ್ಜ ಮೊದಲೇ ಹೋಗಿದ್ದಾರೆ. ಮದುವೆಯಾಗಿ ಶಿವಮೊಗ್ಗದಲ್ಲಿರುವ ಮಗಳೊಬ್ಬಳು ಅಜ್ಜಿಗಿದ್ದಾಳೆ. ಅಜ್ಜಿಯ ಕಾಲುಭಾಗದಲ್ಲಿ ಅರ್ಧ ಈ ಮಗಳಿಗೆ, ಇನ್ನರ್ಧ ಸತ್ತ ಮಗನ ಮಕ್ಕಳಿಬ್ಬರಿಗೆ. ಸೊಸೆಗೆ ಅದರಲ್ಲಿ ಏನೂ ಇಲ್ಲ. ಅಂದರೆ 80 ಲಕ್ಷದ ಮನೆಯಲ್ಲಿ ಸೋದರತ್ತೆಗೆ 10 ಲಕ್ಷದ ಪಾಲು ಬಂತು. ಆಕೆಯ ಹೆಸರನ್ನು ಬೇಕೆಂದೇ ಮುಚ್ಚಿಟ್ಟು ಪತ್ರ ಪಡೆದರೆ ಮುಂದೊಂದು ದಿನ ನ್ಯಾಯಾಲಯ ಅದನ್ನು ರದ್ದು ಮಾಡಬಹುದು.

ಪತ್ರ ಸಿಕ್ಕಿತು ಅನ್ನಿ. ಮಗಳು ಈಗ ಒಡತಿಯಲ್ಲ, ಆಡಳಿತಗಾರ್ತಿ. ಆಕೆ ಮೊದಲು ಅಂತ್ಯಕ್ರಿಯೆ ಮತ್ತು ಕೊನೆಗಾಲದ ಚಿಕಿತ್ಸೆಯ ವೆಚ್ಚ ತೀರಿಸಬೇಕು, ಅದು 4 ಲಕ್ಷ ಎಂದಿಟ್ಟುಕೊಳ್ಳೋಣ. ಆಮೇಲೆ ಪತ್ರ ಪಡೆಯಲು ಆದ ಖರ್ಚು, 1 ಲಕ್ಷ. ಮೂರನೆಯದಾಗಿ, ಸಾವಿಗೆ ಹಿಂದಿನ ಮೂರು ತಿಂಗಳೊಳಗೆ ಮಾಡಿದ ಕೆಲಸದ ಕೂಲಿ. ತಲಾ 20 ಸಾವಿರದಂತೆ ಮೂವರ ಎರಡು ತಿಂಗಳ ಬಾಕಿ 1.2 ಲಕ್ಷ. ಸಂಘದ 9 ಲಕ್ಷಕ್ಕೆ ಸರದಿ ಬರುವುದು ಇದಾದ ಮೇಲೆ. ಕೆಲಸಗಾರನ ಕೂಲಿಯನ್ನು ಸಂಘದ ಸಾಲಕ್ಕಿಂತ ಮುಂದಿಟ್ಟ ಈ ಕ್ರಮವನ್ನು ಓದಿದಾಗಲೆಲ್ಲ ಹಳೆಯ ಕಾಯ್ದೆಯ ಮೇಲೆ ನನಗೆ ಗೌರವ ಹುಟ್ಟುತ್ತದೆ. ಒಟ್ಟು 15.2 ಲಕ್ಷ. ಕೈಯಲ್ಲಿ 16 ಲಕ್ಷ ಇರುವುದರಿಂದ ಮನೆ ಉಳಿಯಿತು, ಹಂಚಲು 80 ಸಾವಿರವೂ ಉಳಿಯಿತು. ನಾಮಿನಿಗೆ ಬಂದ 12 ಲಕ್ಷವನ್ನು ತಮ್ಮದೆಂದೇ ಖರ್ಚು ಮಾಡಿಬಿಟ್ಟಿದ್ದರೆ ಸಾಲ ಕೊಟ್ಟವರ ಕಣ್ಣು ಮನೆಯ ಮೇಲೆಯೇ ಬೀಳುತ್ತಿತ್ತು. ಮನೆ ಮಾರಲೇಬೇಕಾದರೂ ಮಗಳು ತಾನಾಗಿ ಮಾರುವಂತಿಲ್ಲ. ಮಾರಾಟಕ್ಕೆ, ಅಡಮಾನಕ್ಕೆ, ಐದು ವರ್ಷ ಮೀರಿದ ಗುತ್ತಿಗೆಗೆ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅದಿಲ್ಲದೆ ಮಾಡಿದ ಕ್ರಯವನ್ನು ಪಾಲುದಾರರು ರದ್ದು ಮಾಡಿಸಬಹುದು. ಮನೆ ಕೊಳ್ಳುವವರು ಆಡಳಿತ ಪತ್ರವನ್ನಷ್ಟೇ ನೋಡದೆ ಅನುಮತಿಯ ಆದೇಶವನ್ನೂ ಕೇಳಿ ನೋಡಬೇಕು.

ನನ್ನ ಮುಖ್ಯ ದೂರು ಇರುವುದು ಇದರ ಮುಂದಿನ ಹಂತದ ಬಗ್ಗೆ. ಪತ್ರ ಪಡೆದವರು ಆರು ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪೂರ್ತಿ ಪಟ್ಟಿಯನ್ನು, ಒಂದು ವರ್ಷದೊಳಗೆ ಬಂದದ್ದು ಹೋದದ್ದರ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಬೇಕೆಂದೇ ತಪ್ಪಿಸಿದರೆ ಅದೊಂದೇ ಕಾರಣಕ್ಕೆ ಪತ್ರ ರದ್ದಾಗಬಹುದು. ಆದರೆ ಪತ್ರ ಕೈಗೆ ಬಂದ ದಿನವೇ ಕೇಸು ಮುಗಿಯಿತೆಂದು ಕುಟುಂಬವೂ ವಕೀಲರೂ ಭಾವಿಸುತ್ತಾರೆ. ಯಾರಾದರೂ ಜಗಳ ತೆಗೆದರೆ ಮಾತ್ರ ಆ ಕಡತ ಮತ್ತೆ ತೆರೆಯುತ್ತದೆ. ಲೆಕ್ಕ ಕೇಳಬೇಕಾದ 15ರ ಹುಡುಗನಿಗೆ ಜಗಳ ತೆಗೆಯುವ ವಯಸ್ಸಿಲ್ಲ. ಶಿವಮೊಗ್ಗದ ಅತ್ತೆಗೆ ತವರಿನ ಮೇಲೆ ಕೋರ್ಟಿಗೆ ಹೋಗುವ ಮನಸ್ಸಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪತ್ರ ಕೊಡುವ ಆದೇಶದಲ್ಲೇ ಆರನೇ ತಿಂಗಳ ಮತ್ತು ಹನ್ನೆರಡನೇ ತಿಂಗಳ ಎರಡು ದಿನಾಂಕಗಳನ್ನು ಬರೆದು, ಅಂದು ಕೇಸನ್ನು ತಾನಾಗಿ ಪಟ್ಟಿಗೆ ಹಾಕಿದರೆ ಆಯಿತು. ಒಪ್ಪಿಸಿದ ಲೆಕ್ಕದ ಪ್ರತಿ ಪ್ರತಿಯೊಬ್ಬ ಪಾಲುದಾರರ ವಿಳಾಸಕ್ಕೂ ಅಂಚೆಯಲ್ಲಿ ಹೋಗಲಿ, ಅದೂ ಕನ್ನಡದಲ್ಲಿ. ವಿಳಾಸಗಳು ಹೇಗೂ ಅರ್ಜಿಯ ಮೊದಲ ಪುಟಗಳಲ್ಲೇ ಇರುತ್ತವೆ.