ಪರಿಚಯದ ಆ ಒಂದು ನಿಮಿಷ ಯಾರದ್ದು?

ಹೋದ ತಿಂಗಳು ಒಂದು ವೆಬಿನಾರ್‌ಗೆ ಕರೆದಿದ್ರು. ವಿಷಯ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ. ನನ್ನ ಜೊತೆ ಇನ್ನೊಬ್ಬ ಅತಿಥಿ ಇದ್ದರು, ಅರ್ಥಶಾಸ್ತ್ರದ ಮೇಷ್ಟ್ರು. ನಿರೂಪಕರು ಮೊದಲು ಅವರ ಪರಿಚಯ ಓದಿದರು: ಸಾರ್ವಜನಿಕ ಹಣಕಾಸಿನ ಬಗ್ಗೆ ಬರೆಯುತ್ತಾರೆ, ಎರಡು ಪುಸ್ತಕ ಬಂದಿವೆ, ಇಷ್ಟು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಮುಗೀತು. ಅವರು ಯಾವ ಕೇರಿಯಲ್ಲಿ ಹುಟ್ಟಿದರು, ಅಪ್ಪ ಏನು ಮಾಡ್ತಿದ್ರು ಅಂತ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ.

ಆಮೇಲೆ ನನ್ನದು. "ಕಡುಬಡತನದ ದಲಿತ ಕುಟುಂಬದಲ್ಲಿ ಹುಟ್ಟಿ, ಅಕ್ಷರ ಕಾಣದ ತಂದೆತಾಯಿಯ ಮಗನಾಗಿ, ಹಸಿವು ಅವಮಾನಗಳನ್ನು ಉಂಡು, ಛಲದಿಂದ ಬಿ.ಎ. ಮುಗಿಸಿ, ಇಂದು ಇಂಥ ಕಚೇರಿಯಲ್ಲಿ ಗುಮಾಸ್ತರಾಗಿ ಕೆಲಸ ಮಾಡುತ್ತಾ, ದಲಿತ ಹೋರಾಟಗಾರರಾಗಿ ಗುರುತಿಸಿಕೊಂಡಿದ್ದಾರೆ." ಒಂದೇ ಉಸಿರಿನಲ್ಲಿ ಓದಿದ್ರು. ಅದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಅವತ್ತಿನ ವಿಷಯಕ್ಕೆ ನಾನು ಯಾಕೆ ಅಲ್ಲಿದ್ದೆ ಅನ್ನೋದೂ ಅದರಲ್ಲಿ ಇಲ್ಲ.

ಮುಂದೆ ಆಗಿದ್ದು ಕೇಳಿ. ಮೇಷ್ಟ್ರಿಗೆ ಹೋದ ಮೊದಲ ಪ್ರಶ್ನೆ: 7ಡಿ ತೆಗೆದ ಮೇಲೆ ಏನು ಬದಲಾಗಿದೆ? ನನಗೆ ಬಂದ ಮೊದಲ ಪ್ರಶ್ನೆ: "ನಿಮ್ಮ ಬಾಲ್ಯದ ನೋವುಗಳನ್ನು ಹಂಚಿಕೊಳ್ತೀರಾ ಸರ್?"

ಅಯ್ಯಾ, 2013ರ ಕಾಯ್ದೆಯ ಆ 7ಡಿ ಅನ್ನೋ ಕಿಂಡಿಯಿಂದ ನಮ್ಮ ಪಾಲಿನ ಹಣ ಊರಿಗೆಲ್ಲ ಮಾಡುವ ಸಾಮಾನ್ಯ ಕಾಮಗಾರಿಯ ಲೆಕ್ಕಕ್ಕೆ ಹೇಗೆ ಸೇರುತ್ತಿತ್ತು ಅಂತ ಹನ್ನೆರಡು ವರ್ಷದಿಂದ ಕಡತ ಹಿಡಿದು ಓಡಾಡಿದವನು ನಾನು. 2023ರಲ್ಲಿ ಅದನ್ನು ತೆಗೆದರು. ತೆಗೆದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಏನಾಯ್ತು ಅಂತ ಹೇಳೋಕೆ ಕಾಗದ ಸಮೇತ ಬಂದಿದ್ದೆ. ಬಾಯಿಬಿಟ್ಟರೆ ಬಾಲ್ಯ ಕೇಳಿದ್ರು. ನಾನು ಮಾತು ತಿರುಗಿಸಿ ಹಣದ ವಿಷಯಕ್ಕೆ ಬರೋ ಹೊತ್ತಿಗೆ ನನ್ನ ಸಮಯದಲ್ಲಿ ಅರ್ಧ ಹೋಗಿತ್ತು.

ನಿರೂಪಕರನ್ನು ನಾನು ಕೆಟ್ಟವರು ಅನ್ನಲ್ಲ. ಅವರು ಓದಿದ ಪರಿಚಯಕ್ಕೆ ಆ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಹುಟ್ಟೋದೇ ಇಲ್ಲ. ಪರಿಚಯವೇ ಮೊದಲ ಪ್ರಶ್ನೆಯನ್ನು ಬರೆಯುತ್ತೆ. ಕೆಲಸ ಹೇಳಿದರೆ ಕೆಲಸದ ಬಗ್ಗೆ ಕೇಳ್ತಾರೆ, ಹಸಿವು ಹೇಳಿದರೆ ಹಸಿವಿನ ಬಗ್ಗೆ ಕೇಳ್ತಾರೆ. ಕೇಳುಗರೂ ಆ ಒಂದು ನಿಮಿಷದಲ್ಲೇ ತೀರ್ಮಾನ ಮಾಡಿರ್ತಾರೆ: ಈ ಮನುಷ್ಯನ ಲೆಕ್ಕ ಕೇಳಬೇಕಾ, ಇಲ್ಲಾ ಅಯ್ಯೋ ಪಾಪ ಅನ್ನಬೇಕಾ ಅಂತ.

ಬಾಬಾಸಾಹೇಬರನ್ನೇ ನೋಡಿ. ರೂಪಾಯಿಯ ಸಮಸ್ಯೆ ಬಗ್ಗೆ ಅವರ ಪುಸ್ತಕ 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಕರೆನ್ಸಿ ಬಗ್ಗೆ ಸಾಕ್ಷ್ಯ ಹೇಳಿದರು. ಇವತ್ತು ರೂಪಾಯಿ ಮೇಲೆ ಒಂದು ಪಾಡ್‌ಕಾಸ್ಟ್ ಮಾಡಿ ಅವರನ್ನು ಕೂರಿಸಿದರೆ ಇದೇ ನಿರೂಪಕರು ಏನಂತ ಓದ್ತಾರೆ? "ದಲಿತ ನಾಯಕರು, ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂತು ಓದಿದವರು." ನಿಜವೇ. ಆದರೆ ರೂಪಾಯಿ ಎಲ್ಲಿ ಹೋಯ್ತು?

ಹಾಗಂತ 'ದಲಿತ' ಅನ್ನೋ ಪದ ಬಿಡಿ ಅಂತ ಯಾರಾದರೂ ಬುದ್ಧಿ ಹೇಳೋಕೆ ಬಂದರೆ ನಿಲ್ಲಿ. ಅದು ನನ್ನ ರಾಜಕೀಯ, ನಾನೇ ಹೇಳ್ತೀನಿ. ನನ್ನ ತಕರಾರು ಇಷ್ಟೇ: ಕೆಲಸದ ಜಾಗದಲ್ಲಿ ಆ ಪದ ತಂದು ಕೂರಿಸಿ, ಕೆಲಸವನ್ನು ಹೊರಗೆ ನಿಲ್ಲಿಸಬೇಡಿ.

ತಪ್ಪು ನನ್ನದೂ ಇದೆ, ಒಪ್ಕೋತೀನಿ. "ಬಯೋಡೇಟಾ ಕಳಿಸಿ ಸರ್" ಅಂದಾಗ ಹಳೆಯ ಎರಡು ಪುಟ ವಾಟ್ಸ್ಯಾಪ್ ಮಾಡಿ ಕೂತೆ. ಎರಡು ಪುಟ ಯಾರೂ ಓದಲ್ಲ, ತಮಗೆ ರುಚಿಸಿದ್ದನ್ನು ಕತ್ತರಿಸ್ಕೋತಾರೆ. ಕತ್ತರಿ ಅವರ ಕೈಗೆ ಕೊಟ್ಟವನೇ ನಾನು. ಅದರಲ್ಲಿ ಕಚೇರಿ ಹೆಸರೂ ಇತ್ತು, ಅದನ್ನೂ ಓದಿದ್ರು. ರೆಕಾರ್ಡಿಂಗ್ ಯಾರೋ ಮೇಲಿನವರಿಗೆ ಕಳಿಸಿದ್ದಾರೆ. "ಕಚೇರಿ ಹೆಸರು ಹೇಳಿಕೊಂಡು ಸರ್ಕಾರದ ವಿರುದ್ಧ ಮಾತಾಡ್ತೀರೇನ್ರೀ?" ಅಂತ ಲಿಖಿತ ವಿವರಣೆ ಕೇಳಿದರು. ಓದಿದವರಿಗೆ ಐದು ಸೆಕೆಂಡ್, ನನಗೆ ಎರಡು ವಾರ ನಿದ್ದೆ ಇಲ್ಲ. ವೇದಿಕೆ ಮೇಲೆ ಹೇಳಿದ್ದು ಗಾಳಿಗೆ ಹೋಗ್ತಿತ್ತು. ರೆಕಾರ್ಡ್ ಆಗಿದ್ದು ಹೋಗಲ್ಲ. ಒಬ್ಬ ಹೆಣ್ಣುಮಗಳ ಊರು, ಕೆಲಸದ ಜಾಗ ಹೀಗೆ ಓದಿಬಿಟ್ಟರೆ ಏನಾಗಬಹುದು ಯೋಚನೆ ಮಾಡಿ.

ಆ ನಂತರ ಕೂತು ನನ್ನ ಪರಿಚಯ ನಾನೇ ಬರೆದೆ. ಮೊಬೈಲ್‌ನಲ್ಲಿ ಸಮಯ ಇಟ್ಟು ಗಟ್ಟಿಯಾಗಿ ಓದಿ ನೋಡಿದೆ:

"ಇವತ್ತಿನ ವಿಷಯ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ. ಈ ಹಣ ತಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ ಹೋಗುತ್ತೆ ಅಂತ ನಮ್ಮ ಅತಿಥಿ ಹನ್ನೆರಡು ವರ್ಷದಿಂದ ನೋಡುತ್ತಿದ್ದಾರೆ. ಮಾಹಿತಿ ಹಕ್ಕಿನಲ್ಲಿ ಕಾಮಗಾರಿಗಳ ಪಟ್ಟಿ ತೆಗೆಸುತ್ತಾರೆ. ಆ ಪಟ್ಟಿ ಹಿಡಿದು ಕೇರಿ ಕೇರಿಗೆ ಹೋಗಿ, ಕಾಗದದ ರಸ್ತೆ ನೆಲದ ಮೇಲೆ ಇದೆಯಾ ಅಂತ ನೋಡುತ್ತಾರೆ. ದಲಿತ ಚಳವಳಿಯ ಕಾರ್ಯಕರ್ತರು. ಪಟ್ಟಿಯಲ್ಲಿದ್ದು ನೆಲದ ಮೇಲೆ ಇಲ್ಲದ ರಸ್ತೆಗಳ ಕತೆ ಅವರಿಂದಲೇ ಕೇಳೋಣ." ಆಮೇಲೆ ನನ್ನ ಹೆಸರು.

ಅರ್ಧ ನಿಮಿಷಕ್ಕೆ ಮುಗಿಯುತ್ತೆ. ವಾಕ್ಯಗಳು ಚಿಕ್ಕವು, ಯಾಕಂದ್ರೆ ಕಿವಿಗೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದೋಕೆ ಆಗಲ್ಲ. ಮೊದಲು ವಿಷಯ, ಆಮೇಲೆ ಆ ವಿಷಯದಲ್ಲಿ ನಾನು ಮಾಡಿದ ಕೆಲಸ, ಕೊನೆಗೆ ಹೆಸರು. ಹೆಸರು ಕೊನೆಗೆ ಬಂದರೆ ಅದೇ ನನಗೆ ಮಾತು ಶುರು ಮಾಡೋ ಸೂಚನೆ. ಬಿ.ಎ., ಕಚೇರಿ, ಪ್ರಶಸ್ತಿ ಯಾವುದೂ ಇಲ್ಲ, ಅವು ಈ ವಿಷಯಕ್ಕೆ ಬೇಕಿಲ್ಲ. ನಾಳೆ ಗುಮಾಸ್ತರ ಸಂಬಳದ ಬಗ್ಗೆ ಕರೆದರೆ ಗುಮಾಸ್ತ ಅನ್ನೋದೇ ಮೊದಲ ಸಾಲಿಗೆ ಬರುತ್ತೆ. ಹಾಗಾಗಿ ಒಂದೇ ಪರಿಚಯ ಎಲ್ಲಾ ಕಡೆ ನಡೆಯಲ್ಲ, ವಿಷಯಕ್ಕೊಂದು ಬರೀಬೇಕು.

ನಮ್ಮವರೇನು ಕಮ್ಮಿ ಇಲ್ಲ. ನಮ್ಮ ಸಭೆಗಳಲ್ಲಿ "ದಣಿವರಿಯದ ಹೋರಾಟಗಾರರು, ನೊಂದವರ ದನಿ, ಸಮುದಾಯದ ಕಣ್ಮಣಿ" ಅಂತ ಐದು ನಿಮಿಷ ಓದ್ತೀವಿ. ಅಷ್ಟೆಲ್ಲಾ ಕೇಳಿದ ಮೇಲೂ ಆ ಅಣ್ಣ ಏನು ಕೆಲಸ ಮಾಡಿದ್ದಾರೆ ಅಂತ ಯಾರಿಗೂ ತಿಳಿಯಲ್ಲ. ಅಯ್ಯೋ ಪಾಪ ಅನ್ನೋದು ಒಂದು ಕಡೆ, ಜೈಕಾರ ಇನ್ನೊಂದು ಕಡೆ. ಎರಡರಲ್ಲೂ ಮಾಡಿದ ಕೆಲಸ ಕಾಣೆ.

ಕರೆಯುವವರಿಗೆ ಒಂದು ಮಾತು. ಓದುವ ಪರಿಚಯವನ್ನು ಹಿಂದಿನ ದಿನವೇ ಅತಿಥಿಗೆ ಕಳಿಸಿ, "ಇದು ಸರಿನಾ, ಏನು ತೆಗೀಬೇಕು?" ಅಂತ ಕೇಳಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತಲೂ ಕೇಳಿ. ಜಾತಿ, ಊರು, ಮನೆಯ ಕಷ್ಟ ಹೇಳಬೇಕಾ ಬೇಡವಾ ಅನ್ನೋದು ಅತಿಥಿಯ ತೀರ್ಮಾನ. ಇಬ್ಬರು ಅತಿಥಿಗಳಿದ್ದರೆ ಇಬ್ಬರ ಪರಿಚಯವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ಪುಸ್ತಕ, ಇನ್ನೊಬ್ಬರಿಗೆ ಹಸಿವು ಬಂದಿದ್ದರೆ ಹರಿದು ಹಾಕಿ ಮತ್ತೆ ಬರೀರಿ.

ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು. ಬಯೋಡೇಟಾ ಕಳಿಸಬೇಡಿ, ಓದುವ ಐದಾರು ಸಾಲು ನೀವೇ ಬರೆದು ಕಳಿಸಿ. "ಇದಿಷ್ಟೇ ಓದಿ" ಅಂತ ಮೇಲೆ ಹಾಕಿ. ಆದರೂ ಅವರು ಬೇರೆ ಓದಿದರೆ, ಮೈಕ್ ಸಿಕ್ಕ ಕೂಡಲೇ ನಗುತ್ತಾ, "ಒಂದು ತಿದ್ದುಪಡಿ ಇದೆ" ಅಂತ ಹೇಳಿ ನಿಮ್ಮ ಕೆಲಸ ಹೇಳಿಬಿಡಿ. ನಾನು ಅವತ್ತು ಹೇಳಲಿಲ್ಲ. ದಾಕ್ಷಿಣ್ಯಕ್ಕೆ ಸುಮ್ಮನೆ ಕೂತು ಬಾಲ್ಯದ ಕತೆ ಹೇಳಿದೆ. ನಮ್ಮ ತಾಲ್ಲೂಕಿನ ರಸ್ತೆಗಳ ಪಟ್ಟಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.

ಜೈಭೀಮ್.