ಅಗ್ಗದ ಆಸೆಗೆ ತೆರುವ ಬೆಲೆ

ಮೊನ್ನೆ ಮೆಜೆಸ್ಟಿಕ್ಕಿನಲ್ಲಿ ಸಿಕ್ಕ ಹಳೆಯ ಶಿಷ್ಯನೊಬ್ಬ, “ಮೇಷ್ಟ್ರೇ, ಪೂರ್ತಿ ಹಣ ಕಾದಿಟ್ಟು ಪುಟ್ ಮಾರಿದರೆ ಅಪಾಯವೇ ಇಲ್ಲ. ಷೇರು ಅಗ್ಗಕ್ಕೆ ಸಿಗುತ್ತದೆ, ಇಲ್ಲವೇ ಪ್ರೀಮಿಯಂ ಉಳಿಯುತ್ತದೆ” ಎಂದ. ಇದು ಅರ್ಧಸತ್ಯ.

2019ರ ಅಕ್ಟೋಬರ್ 22ರಂದು, ಅನಾಮಧೇಯ ದೂರೊಂದರ ಸುದ್ದಿಯಿಂದ ಇನ್ಫೋಸಿಸ್ ಷೇರು ಸುಮಾರು 768 ರೂಪಾಯಿಯಿಂದ 643ಕ್ಕೆ ಕುಸಿಯಿತು. ಅದಕ್ಕೆ ಮುನ್ನ 10 ರೂಪಾಯಿ ಪ್ರೀಮಿಯಂ ಪಡೆದು 740ರ ಪುಟ್ ಮಾರಿದವನನ್ನು ಊಹಿಸಿಕೊಳ್ಳಿ. ಅವನಿಗೆ ಬೀಳುವ ಅಸಲು 730. ಅಂದಿನ ಪೇಟೆಯ ದರಕ್ಕಿಂತ 87 ರೂಪಾಯಿ ಹೆಚ್ಚು! 740ಕ್ಕೆ ಕೊಳ್ಳುವ ಆರ್ಡರನ್ನಷ್ಟೇ ಹಾಕಿದ್ದವನು ಸುದ್ದಿ ಕೇಳಿದೊಡನೆ ಅದನ್ನು ರದ್ದುಪಡಿಸಬಹುದಿತ್ತು. ಪುಟ್ ಮಾರಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಬಿಡಿಸಿಕೊಳ್ಳಲು ಅದೇ ಪುಟ್ಟನ್ನು ದುಬಾರಿ ಬೆಲೆಗೆ ಮರಳಿ ಕೊಳ್ಳಬೇಕು.

ಕಾದಿಟ್ಟ ಹಣ ಕೊಳ್ಳುವ ಶಕ್ತಿಗೆ ಭದ್ರತೆಯೇ ಹೊರತು ಷೇರಿನ ಬೆಲೆಗಲ್ಲ. ಕೆಟ್ಟ ಸುದ್ದಿಯ ಮರುದಿನವೂ ಆ ದರಕ್ಕೆ ಕೊಳ್ಳುವ ಮನಸ್ಸಿಲ್ಲದವರು ಪುಟ್ ಮಾರಬಾರದು.